‘ರೀಸ್ಟಾರ್ಟ್ ಮಾಡಿದ್ವಿ, ಸರಿ ಆಯ್ತು’ ಅಂತ ಬರೆದ್ರೆ ಸಾಕಾ?

ಕಳೆದ ಬೇಸಿಗೆ ರಜೆಯಲ್ಲಿ ನಾವು ಮೂವರು ಒಂದು ಬ್ರಾಡ್‌ಬ್ಯಾಂಡ್ ಕಂಪನಿಯ ಸಪೋರ್ಟ್ ವಿಭಾಗದಲ್ಲಿ ಇಂಟರ್ನ್ ಆಗಿದ್ವಿ. ಕರೆ ತಗೊಳ್ಳೋದು ಹಿರಿಯರ ಕೆಲಸ. ಕರೆ ಮುಗಿದ ಮೇಲೆ ಅದರ ಟ್ರಾನ್ಸ್‌ಕ್ರಿಪ್ಟ್ ಓದಿ ಟಿಕೆಟ್ ನೋಟ್ ಬರೆಯೋದು ನಮ್ಮದು. ನೋಟ್‌ನಲ್ಲಿ ಮೂರೇ ಖಾನೆ: ಸಮಸ್ಯೆ, ಮಾಡಿ ನೋಡಿದ್ದು, ಪರಿಹಾರ. ಪ್ರಾಜೆಕ್ಟ್ ರಿಪೋರ್ಟ್ ಬರೆದು ಪಳಗಿದ ಕೈಗೆ ಇದೇನು ಮಹಾ ಅನ್ನಿಸುತ್ತೆ. ಒಂದು ಕರೆಯನ್ನೇ ತಗೊಂಡು ನೋಡೋಣ.

ಹನ್ನೊಂದು ನಿಮಿಷದ ಕರೆ. ಗ್ರಾಹಕರ ಮೊದಲ ಮಾತು, “ನೆಟ್ ಬರ್ತಿಲ್ಲ ಸರ್, ಭಾನುವಾರದಿಂದ.” ಇದನ್ನೇ ಸಮಸ್ಯೆಯ ಖಾನೆಗೆ ಇಳಿಸಿದ್ರೆ, ಓದಿದವರು ಫೈಬರ್ ತುಂಡಾಗಿದೆ ಅಂದುಕೊಂಡು ಟೆಕ್ನಿಷಿಯನ್‌ನ ಮನೆಗೆ ಕಳಿಸ್ತಾರೆ. ಆದರೆ ಎರಡನೇ ನಿಮಿಷದಲ್ಲಿ ಅವರೇ, “ಟಿವಿಯಲ್ಲಿ ಬರುತ್ತೆ, ನಮ್ಮ ಫೋನುಗಳಲ್ಲಿ ಒಮ್ಮೊಮ್ಮೆ ಬರಲ್ಲ” ಅಂದಿದ್ರು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಇಲ್ಲ ಅಂತಲೂ ಹೇಳಿದ್ರು. ಅಂದ್ರೆ ಲೈನ್ ಸರಿ ಇದೆ, ತೊಂದರೆ ಮನೆಯೊಳಗಿದೆ. ಸಮಸ್ಯೆಯ ಖಾನೆಗೆ ಬೇಕಾದದ್ದು ಕರೆಯ ಮೊದಲ ವಾಕ್ಯ ಅಲ್ಲ. ಯಾವುದು ಕೆಲಸ ಮಾಡ್ತಿಲ್ಲ, ಯಾವುದು ಮಾಡ್ತಿದೆ, ಯಾವಾಗಿಂದ ಅನ್ನೋ ಮೂರು ಸಂಗತಿ.

ಆಮೇಲೆ ಮಾಮೂಲಿ ಸರದಿ. ಫೋನ್ ರೀಸ್ಟಾರ್ಟ್, ವೈಫೈ ‘ಫರ್ಗೆಟ್’ ಮಾಡಿ ಮತ್ತೆ ಸೇರಿಸೋದು, ರೂಟರ್ ಆಫ್ ಮಾಡಿ ಆನ್ ಮಾಡೋದು. ರೂಟರ್ ಆನ್ ಆದ ಮೇಲೆ ಒಂದು ಫೋನಿಗೆ ನೆಟ್ ಬಂತು, ಇನ್ನೊಂದಕ್ಕೆ ಬರಲಿಲ್ಲ. ಈ ಅರ್ಧ ಯಶಸ್ಸು ನೋಟ್‌ನಲ್ಲಿ ಹಾಗೇ ಉಳಿಯಬೇಕು. ‘ರೀಸ್ಟಾರ್ಟ್ ಮಾಡಲಾಯಿತು’ ಅಂತ ಮಾತ್ರ ಬರೆದ್ರೆ ಮುಂದಿನವರಿಗೆ ಏನೂ ಗೊತ್ತಾಗಲ್ಲ. ಪ್ರತಿ ಹೆಜ್ಜೆಯ ಪಕ್ಕ ಅದರ ಫಲ ಇರಬೇಕು.

ಒಂಬತ್ತನೇ ನಿಮಿಷದಲ್ಲಿ ಏಜೆಂಟ್ ನೆಟ್ ಬಾರದ ಫೋನಿನ ಐಪಿ ಓದಿಸಿದ್ರು: `192.168.0.105`, ಗೇಟ್‌ವೇ `192.168.0.1`. ಕಂಪನಿ ಕೊಟ್ಟ ರೂಟರ್‌ನ ವಿಳಾಸ `192.168.1.1`. “ಮನೇಲಿ ಇನ್ನೊಂದು ರೂಟರ್ ಇದೆಯಾ ಮೇಡಂ?” ಅಂತ ಕೇಳಿದ್ದಕ್ಕೆ, “ಹೂಂ, ಮೇಲಿನ ರೂಮಿಗೆ ಸಿಗ್ನಲ್ ಬರಲ್ಲ ಅಂತ ತಮ್ಮ ಹಳೇದೊಂದನ್ನ ಹಾಕಿದಾನೆ” ಅಂತ ಉತ್ತರ. ನಡುವೆ ಹಬ್ಬಕ್ಕೆ ಬಂದ ನೆಂಟರ ಸುದ್ದಿಯೂ ಇತ್ತು. ಇಡೀ ಕರೆಯ ಜೀವ ಇರೋದು ಈ ಒಂದು ಮಾತಿನಲ್ಲಿ. ತಮ್ಮ ಎರಡೂ ರೂಟರ್‌ಗಳ ಲ್ಯಾನ್ ಪೋರ್ಟ್‌ಗಳನ್ನು ಕೇಬಲ್‌ನಿಂದ ಜೋಡಿಸಿದ್ದ. ಹಳೇದರಲ್ಲಿ ಡಿಎಚ್‌ಸಿಪಿ ಆನ್ ಇತ್ತು. ಹಾಗಾಗಿ ಒಂದೇ ನೆಟ್‌ವರ್ಕ್‌ನಲ್ಲಿ ಐಪಿ ಹಂಚೋರು ಇಬ್ಬರು. ಯಾರ ಉತ್ತರ ಮೊದಲು ಬಂತೋ ಫೋನ್ ಸಾಮಾನ್ಯವಾಗಿ ಅದನ್ನೇ ಹಿಡಿಯುತ್ತೆ. ಹಳೇ ರೂಟರ್‌ನ ಗೇಟ್‌ವೇ ಸಿಕ್ಕಿದವರಿಗೆ ವೈಫೈ ಇರುತ್ತೆ, ಇಂಟರ್ನೆಟ್ ಇರಲ್ಲ, ಯಾಕಂದ್ರೆ ಅದರ ವ್ಯಾನ್ ಪೋರ್ಟ್ ಖಾಲಿ. ‘ಒಮ್ಮೊಮ್ಮೆ’ ಅನ್ನೋದರ ಗುಟ್ಟು ಇದೇ.

ಕೇಬಲ್ ತೆಗೆಸಿ, ವೈಫೈ ಮತ್ತೆ ಸೇರಿಸಿದಾಗ ಎರಡೂ ಫೋನಿಗೆ ನೆಟ್ ಬಂತು. ನಾವು ಬರೆದ ನೋಟ್ ಹೀಗಿತ್ತು:

ಸಮಸ್ಯೆ: ಭಾನುವಾರದಿಂದ ಫೋನುಗಳಲ್ಲಿ ಆಗಾಗ ವೈಫೈ ಇದ್ದೂ ಇಂಟರ್ನೆಟ್ ಇಲ್ಲ. ಟಿವಿ ಸರಿ. ಕೆಂಪು ದೀಪ ಇಲ್ಲ.

ಮಾಡಿ ನೋಡಿದ್ದು: ಫೋನ್ ರೀಸ್ಟಾರ್ಟ್, ವೈಫೈ ಮರುಜೋಡಣೆ: ಫಲ ಇಲ್ಲ. ರೂಟರ್ ರೀಸ್ಟಾರ್ಟ್: ಒಂದು ಫೋನ್ ಮಾತ್ರ ಸರಿ. ಕೆಟ್ಟ ಫೋನಿನ ಗೇಟ್‌ವೇ `192.168.0.1`, ನಮ್ಮದು `192.168.1.1`. ಮನೆಯಲ್ಲಿ ಎರಡನೇ ರೂಟರ್ ಇದೆ, ಲ್ಯಾನ್‌ನಿಂದ ಲ್ಯಾನ್‌ಗೆ.

ಪರಿಹಾರ: ಎರಡನೇ ರೂಟರ್‌ನ ಕೇಬಲ್ ತೆಗೆಸಿದ ಮೇಲೆ ಎರಡೂ ಫೋನ್ ಸರಿ. ತಾತ್ಕಾಲಿಕ. ಮೇಲಿನ ರೂಮಿಗೆ ಸಿಗ್ನಲ್ ಇಲ್ಲ. ಅದರ ಡಿಎಚ್‌ಸಿಪಿ ಆಫ್ ಮಾಡಬೇಕು. ಲಾಗಿನ್ ಗೊತ್ತಿಲ್ಲ, ತಮ್ಮ ಕರೆ ಮಾಡ್ತಾರೆ.

ನೆಂಟರು ಹೋದ್ರು. ಗ್ರಾಹಕರು ಮಾತಿನ ಮಧ್ಯೆ ಜೋರಾಗಿ ಹೇಳಿದ್ದ ವೈಫೈ ಪಾಸ್‌ವರ್ಡ್ ಕೂಡ ಹೋಯ್ತು, ಟಿಕೆಟ್ ಹಲವರು ಓದ್ತಾರಲ್ಲ. ‘ತಾತ್ಕಾಲಿಕ’ ಮಾತ್ರ ಉಳೀತು. ನೆಟ್ ಬಂತು ಅಂತ ‘ಪರಿಹಾರವಾಗಿದೆ’ ಎಂದು ಮುಚ್ಚಿದ್ದರೆ, ಸಿಗ್ನಲ್ ಬೇಕೆಂದು ತಮ್ಮ ಮತ್ತೆ ಕೇಬಲ್ ಸಿಕ್ಕಿಸೋದು ಖಂಡಿತ. ಆಗ ಅದೇ ದೂರು ಹೊಸ ಟಿಕೆಟ್ ಆಗಿ ಬರುತ್ತೆ.

ಶನಿವಾರ ತಮ್ಮನ ಕರೆ ಬಂತು. ತಗೊಂಡವರು ಬೇರೆ ಏಜೆಂಟ್. “ಮೊದಲಿಂದ ಎಲ್ಲ ಹೇಳಬೇಕಾ?” ಅಂತ ಆತ ಬೇಸರದಿಂದಲೇ ಶುರುಮಾಡಿದ. “ಬೇಡ, ಹಳೇ ರೂಟರ್ ಪಕ್ಕ ಇದ್ದೀರಾ?” ಅಂದ್ರು ಇವರು. ಮುಖ್ಯ ರೂಟರ್‌ಗೆ ಜೋಡಿಸೋ ಮೊದಲೇ ಹಳೇದನ್ನು ರೀಸೆಟ್ ಮಾಡಿಸಿ, ಅದರ ವಿಳಾಸ `192.168.1.2` ಮಾಡಿಸಿದ್ರು. ಆ ನಂಬರ್ ಮನೆಯಲ್ಲಿ ಬೇರೆ ಯಾವುದಕ್ಕೂ ಹೋಗದಂತೆ ನೋಡಿಕೊಂಡ್ರು. ಡಿಎಚ್‌ಸಿಪಿ ಆಫ್ ಮಾಡಿಸಿ, ಆಮೇಲೆ ಕೇಬಲ್ ಹಾಕಿಸಿದ್ರು. ಮೇಲಿನ ರೂಮಿಗೂ ನೆಟ್ ಬಂತು. ಆ ಕರೆಗೆ ನಾವು ಬರೆದ ನೋಟ್ ಎರಡೇ ಸಾಲು.