ಐದೂವರೆ ಲಕ್ಷ

ಠಾಣೆಯ ಘೋಡ್‌ಬಂದರ್ ರಸ್ತೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ನಾವು ಎಂಟು ವರ್ಷ ಬಾಡಿಗೆಗಿದ್ದೆವು. ಕೊಳ್ಳಬೇಕೆಂದಿದ್ದದ್ದೂ ಅದೇ ಸೊಸೈಟಿಯಲ್ಲಿ, ಅದೇ ಅಳತೆಯ ಎರಡು ಕೋಣೆಯ ಮನೆಯನ್ನು. ಇದರಿಂದ ಒಂದು ಅನುಕೂಲವಿತ್ತು. ನಾಲ್ಕನೇ ಮಹಡಿಯವರದು ಎಷ್ಟಕ್ಕೆ ಹೋಯಿತು, ಎದುರಿನ ವಿಂಗ್‌ನವರು ಎಷ್ಟು ಕೇಳುತ್ತಿದ್ದಾರೆ ಎಂಬುದೆಲ್ಲ ಲಿಫ್ಟಿನಲ್ಲೇ ತಿಳಿಯುತ್ತಿತ್ತು. ಬೆಲೆ ಗೊತ್ತಿರಲಿಲ್ಲ ಎಂದು ನಾನು ಯಾವ ಕಾಲಕ್ಕೂ ಹೇಳುವಂತಿಲ್ಲ. ನನ್ನ ಕೆಲಸವೂ ಲೆಕ್ಕಪತ್ರದ್ದೇ. ಆದರೂ ಲೆಕ್ಕ ತಪ್ಪಿದೆ. ಎಲ್ಲಿ ತಪ್ಪಿದೆ ಎಂದು ಕಂಡುಕೊಳ್ಳಲು ನನಗೆ ನಾಲ್ಕು ವರ್ಷ ಬೇಕಾಯಿತು.

2019ರಲ್ಲಿ ಒಂದು ಉದ್ದನೆಯ ನೋಟುಪುಸ್ತಕ ತಂದು ಮೊದಲ ಪುಟದಲ್ಲಿ ಬರೆದೆ: ಮನೆಯ ಬೆಲೆ 80 ಲಕ್ಷ. ಬ್ಯಾಂಕು ಕೊಡುವುದು ನೂರಕ್ಕೆ 80ರಷ್ಟು, ಅಂದರೆ 64 ಲಕ್ಷ. ಉಳಿದ 16 ಲಕ್ಷ ನಮ್ಮದು. ಹೆಚ್ಚಿನವರು ಡೌನ್ ಪೇಮೆಂಟ್ ಎಂದರೆ ಇಷ್ಟೇ ಎಂದು ತಿಳಿದಿರುತ್ತಾರೆ. ನಾನೂ ಮೊದಲ ವಾರ ಹಾಗೆಯೇ ತಿಳಿದಿದ್ದೆ. ಆದರೆ ಸ್ಟ್ಯಾಂಪ್ ಡ್ಯೂಟಿಗೆ ಬ್ಯಾಂಕಿನ ಸಾಲ ಸಿಗುವುದಿಲ್ಲ. ಅದನ್ನೂ, ನೋಂದಣಿಯ 30 ಸಾವಿರವನ್ನೂ, ದಲ್ಲಾಳಿಯ ನೂರಕ್ಕೆ ಒಂದನ್ನೂ, ಸೊಸೈಟಿಯ ವರ್ಗಾವಣೆ ಶುಲ್ಕವನ್ನೂ ಕೈಯಿಂದಲೇ ತೆರಬೇಕು. ಎಲ್ಲ ಕೂಡಿಸಿದಾಗ ಬೇಕಾದ ಮೊತ್ತ 22 ಲಕ್ಷ ದಾಟಿತು. ನಮ್ಮ ಬಳಿ ಇದ್ದದ್ದು 7 ಲಕ್ಷ. ಭವಿಷ್ಯನಿಧಿಯನ್ನು ಮುಟ್ಟಬಾರದೆಂದು ಇವರೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು.

ಎರಡು ವರ್ಷ ಕಷ್ಟಪಟ್ಟು ಉಳಿಸಿದೆವು. 2021ರ ಜನವರಿಗೆ ಕೈಯಲ್ಲಿ ಹದಿನೈದೂವರೆ ಲಕ್ಷವಿತ್ತು. ಕೋವಿಡ್ಡಿನ ದೆಸೆಯಿಂದ ಬೆಲೆ ಹೆಚ್ಚು ಏರದೆ 82 ಲಕ್ಷದಲ್ಲಿ ನಿಂತಿತ್ತು. ಮಹಾರಾಷ್ಟ್ರ ಸರಕಾರ ಸ್ಟ್ಯಾಂಪ್ ಡ್ಯೂಟಿಯನ್ನು ತಾತ್ಕಾಲಿಕವಾಗಿ ಇಳಿಸಿತ್ತು. ಠಾಣೆಯಲ್ಲಿ ನೂರಕ್ಕೆ 6 ಇದ್ದದ್ದು ಮಾರ್ಚ್ ಕೊನೆಯವರೆಗೆ 4 ಆಗಿತ್ತು. ರಿಸರ್ವ್ ಬ್ಯಾಂಕಿನ ರೆಪೊ ದರವೂ 4ಕ್ಕೆ ಇಳಿದು, ಗೃಹಸಾಲ ಏಳರ ಒಳಗೆ ಸಿಗುತ್ತಿತ್ತು. ಬೇಕಾದದ್ದು 21 ಲಕ್ಷ. ಕೊರತೆ ಐದೂವರೆ ಲಕ್ಷ.

ಧಾರವಾಡದಿಂದ ಅಪ್ಪ ಫೋನು ಮಾಡಿದ್ದು ಆ ತಿಂಗಳಲ್ಲೇ. ಅವರು ನಿವೃತ್ತ ಶಾಲಾ ಮಾಸ್ತರರು. “ನನ್ನ ಕಡೆ ಆರು ಲಕ್ಷದ ಡಿಪಾಜಿಟ್ ಅದ, ಮುಂದಿನ ತಿಂಗಳ ಮುಗೀತದ. ತಗೋ ಅವ್ವಾ, ಆಮ್ಯಾಲೆ ಕೊಡೀಯಂತ” ಎಂದರು. ನಾನು ಬೇಡವೆಂದೆ. ಅವ್ವನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಇಟ್ಟ ಹಣವದು ಎಂಬುದು ಒಂದು ಕಾರಣ. ಮದುವೆಯಾಗಿ ಹತ್ತು ವರ್ಷವಾದ ಮಗಳು ತಂದೆಯ ಗಂಟಿಗೆ ಕೈಹಾಕಬಾರದೆಂಬ ಬಿಂಕ ಇನ್ನೊಂದು. ಆದರೆ ಅಪ್ಪನಿಗೆ ನಾನು ಹೇಳಿದ್ದು ಮೂರನೆಯದನ್ನು: “ಇನ್ನೊಂದು ವರ್ಷ ತಡೀರಿ ಅಪ್ಪಾ, ನಾವs ಮುಟ್ಟತೀವಿ.” ವರ್ಷಕ್ಕೆ ನಾಲ್ಕೂವರೆ ಲಕ್ಷ ಉಳಿಯುತ್ತಿತ್ತು. ಕೊರತೆ ಐದೂವರೆ. ಹೆಚ್ಚೆಂದರೆ ಹದಿನೈದು ತಿಂಗಳು ಎಂದು ನಾನು ನಿಜವಾಗಿಯೂ ನಂಬಿದ್ದೆ.

2022ರ ಏಪ್ರಿಲ್‌ನಲ್ಲಿ, ಅಂದರೆ ಸರಿಯಾಗಿ ಹದಿನೈದು ತಿಂಗಳಿಗೆ, ನೋಟುಪುಸ್ತಕದಲ್ಲಿ 20 ಲಕ್ಷವಿತ್ತು. ಆ ಹೊತ್ತಿಗೆ ಮನೆಯ ಬೆಲೆ 90 ಲಕ್ಷ. ರಿಯಾಯಿತಿ ಮುಗಿದು ಸ್ಟ್ಯಾಂಪ್ ಡ್ಯೂಟಿ 6ಕ್ಕೆ ಮರಳಿತ್ತು; ಆ ಏಪ್ರಿಲ್‌ನಿಂದ ಮೆಟ್ರೊ ಸೆಸ್ ಎಂದು ಇನ್ನೊಂದು ಸೇರಿ 7 ಆಯಿತು. ಬೇಕಾದದ್ದು 25 ಲಕ್ಷದ 75 ಸಾವಿರ. ನಾವು ಕೂಡಿಸಿದ ನಾಲ್ಕೂವರೆ ಲಕ್ಷಕ್ಕೆ ಎದುರಾಗಿ ಗುರಿ 4 ಲಕ್ಷ 70 ಸಾವಿರದಷ್ಟು ಮುಂದೆ ಸರಿದಿತ್ತು. ಅದರಲ್ಲಿ ಬೆಲೆ ಏರಿದ್ದರಿಂದ ನಮ್ಮ ಪಾಲಿಗೆ ಬಂದದ್ದು ಒಂದು ಲಕ್ಷದ ಅರವತ್ತು ಸಾವಿರ ಮಾತ್ರ. ಸ್ಟ್ಯಾಂಪ್ ಡ್ಯೂಟಿಯೊಂದರಿಂದಲೇ ಮೂರು ಲಕ್ಷ ಹೆಚ್ಚಿತ್ತು. ಲಿಫ್ಟಿನಲ್ಲಿ ಎಲ್ಲರೂ ಬೆಲೆಯ ಮಾತಾಡುತ್ತಿದ್ದರು, ನಾನೂ ಅದನ್ನೇ ಆಡುತ್ತಿದ್ದೆ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಸಾಧಾರಣ ವರ್ಷಗಳಲ್ಲಿ ಗುರಿ ನಾವು ಹೆದರುವಷ್ಟು ವೇಗವಾಗಿ ಓಡುವುದಿಲ್ಲ. ಬೆಲೆ ನೂರು ರೂಪಾಯಿ ಏರಿದರೆ ಬ್ಯಾಂಕು ಅದರಲ್ಲಿ 80 ಹೊರುತ್ತದೆ. ನಮ್ಮ ಕೈಯಿಂದ ಹೋಗುವುದು ಮಾರ್ಜಿನ್ 20, ಸ್ಟ್ಯಾಂಪ್ ಡ್ಯೂಟಿ 7, ದಲ್ಲಾಳಿಗೆ 1, ಒಟ್ಟು 28. 90 ಲಕ್ಷದ ಮನೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಗುರಿ ಸರಿಯುವುದು ಒಂದೂವರೆ ಲಕ್ಷದಷ್ಟು. ನಾಲ್ಕೂವರೆ ಉಳಿಸುವವರಿಗೆ ಮೂರು ಲಕ್ಷದ ಮುನ್ನಡೆ ಸಿಕ್ಕೇ ಸಿಗುತ್ತದೆ. ಸಾಲದ ಭಾರ ಹೆಚ್ಚುತ್ತದೆ ನಿಜ, ಅದು ಬೇರೆಯ ಚಿಂತೆ. ಆದ್ದರಿಂದ ಕಾಯುವುದೇ ಮೂರ್ಖತನ ಎಂದು ಹೇಳುವವರನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ದಾರಿಯಲ್ಲಿ ಕೆಲವು ಮೆಟ್ಟಿಲುಗಳಿವೆ. ಬೆಲೆ ಅಲ್ಲಿಗೆ ಬಂದಾಗ ಈ 28ರ ಲೆಕ್ಕ ಮುರಿದುಬೀಳುತ್ತದೆ. ನಮಗೆ ಎದುರಾದದ್ದು ಅಂಥದೊಂದು ಮೆಟ್ಟಿಲು.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಮೌಲ್ಯದ 90 ಭಾಗ, ಅಲ್ಲಿಂದ 75 ಲಕ್ಷದವರೆಗೆ 80 ಭಾಗ, 75 ಲಕ್ಷ ದಾಟಿದ ಸಾಲಕ್ಕೆ 75 ಭಾಗ ಮಾತ್ರ ಸಿಗುತ್ತದೆ. ಓದಿದಾಗ ಇದು ಬರೀ ಐದು ಭಾಗದ ವ್ಯತ್ಯಾಸದಂತೆ ಕಾಣುತ್ತದೆ. ಕಾಗದದ ಮೇಲೆ ಹಾಕಿ ನೋಡಿದರೆ ಹಾಗಿಲ್ಲ. 93 ಲಕ್ಷದ 75 ಸಾವಿರದ ಮನೆಗೆ 80 ಭಾಗವೆಂದರೆ 75 ಲಕ್ಷ. ಒಂದು ಕೋಟಿಯ ಮನೆಗೆ 75 ಭಾಗವೆಂದರೂ ಅದೇ 75 ಲಕ್ಷ. ಅಂದರೆ ಇವೆರಡರ ನಡುವೆ ಬೆಲೆ ಎಷ್ಟೇ ಏರಿದರೂ ಬ್ಯಾಂಕಿನ ಪಾಲು ಒಂದು ರೂಪಾಯಿಯಷ್ಟೂ ಹೆಚ್ಚುವುದಿಲ್ಲ. ಏರಿದ್ದೆಲ್ಲವೂ ಕೊಳ್ಳುವವರ ಕೈಯಿಂದಲೇ ಹೋಗಬೇಕು. ಆರೂಕಾಲು ಲಕ್ಷದ ಈ ಹರವಿನಲ್ಲಿ ಡೌನ್ ಪೇಮೆಂಟು ಹದಿನೆಂಟೂ ಮುಕ್ಕಾಲು ಲಕ್ಷದಿಂದ 25 ಲಕ್ಷಕ್ಕೆ ಹೋಗುತ್ತದೆ. ಇದೇ ಆಟ ಕೆಳಗೆ 30 ಲಕ್ಷದ ಸಾಲದ ಗಡಿಯಲ್ಲೂ ಇದೆ: 33 ಲಕ್ಷದ ಮನೆಗೆ ಮೂರು ಲಕ್ಷ ಚಿಲ್ಲರೆ ಸಾಕು, ಮೂವತ್ತೇಳೂವರೆ ಲಕ್ಷದ ಮನೆಗೆ ಏಳೂವರೆ ಬೇಕು. ಬದಲಾಪುರದಲ್ಲೋ ವಿರಾರದಲ್ಲೋ ಹುಡುಕುವವರು ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

2023ರಲ್ಲಿ ನಮ್ಮ ಮನೆಯ ಬೆಲೆ (ನಾನು ಆಗಲೇ ಅದನ್ನು ‘ನಮ್ಮ ಮನೆ’ ಎನ್ನುತ್ತಿದ್ದೆ) 96 ಲಕ್ಷವಾಯಿತು, 2024ರಲ್ಲಿ ಒಂದು ಕೋಟಿ ಎರಡು ಲಕ್ಷ. ಎರಡು ವರ್ಷವೂ ಆರಾರು ಲಕ್ಷದ ಏರಿಕೆ. ಮೊದಲ ಆರರಲ್ಲಿ ಮಾರ್ಜಿನ್ನಿಗೆ ಬಿದ್ದದ್ದು ಮೂರು ಲಕ್ಷ, ಎರಡನೆಯದರಲ್ಲಿ ನಾಲ್ಕೂವರೆ. ಬೇಕಾದ ಒಟ್ಟು ಮೊತ್ತ 29ರಿಂದ 34 ಲಕ್ಷಕ್ಕೇರಿತು. ನಮ್ಮ ಉಳಿತಾಯ 24 ಆಗಿ, ಇಪ್ಪತ್ತೆಂಟೂವರೆ ಆಯಿತು. ನೋಟುಪುಸ್ತಕದ ಕೊನೆಯ ಅಂಕಣದಲ್ಲಿ ಕೊರತೆಯನ್ನು ಕೆಂಪು ಪೆನ್ನಿನಿಂದ ಬರೆಯುತ್ತಿದ್ದೆ. ನಾಲ್ಕು ಪುಟಗಳನ್ನು ಒಟ್ಟಿಗೆ ಬಿಡಿಸಿಟ್ಟರೆ ನಾಲ್ಕರಲ್ಲೂ ಹೆಚ್ಚುಕಡಿಮೆ ಅದೇ ಅಂಕಿ: ಐದೂವರೆ ಲಕ್ಷ. ಅಪ್ಪ ಕೊಡುತ್ತೇನೆಂದದ್ದಕ್ಕಿಂತ ಸ್ವಲ್ಪ ಕಡಿಮೆ.

ಸಾಲ ಮಾಡಿಸಿಕೊಡುವ ಏಜೆಂಟನೊಬ್ಬ 2023ರಲ್ಲಿ ಒಂದು ಉಪಾಯ ಹೇಳಿದ್ದ. ಕೊರತೆಗೆ ಪರ್ಸನಲ್ ಲೋನ್ ತೆಗೆದುಕೊಳ್ಳಿ ಎಂದು. ನಾನು ಕೂತು ಲೆಕ್ಕ ಹಾಕಿದೆ. 13ರ ಬಡ್ಡಿಗೆ ಐದೂವರೆ ಲಕ್ಷವನ್ನು ಐದು ವರ್ಷದಲ್ಲಿ ತೀರಿಸಲು ತಿಂಗಳಿಗೆ ಹನ್ನೆರಡೂವರೆ ಸಾವಿರದ ಕಂತು. ಬ್ಯಾಂಕು ಗೃಹಸಾಲಕ್ಕೆ ನಮ್ಮ ಯೋಗ್ಯತೆ ಅಳೆಯುವಾಗ ಈ ಕಂತನ್ನು ಮೊದಲು ಕಳೆಯುತ್ತದೆ. ರೆಪೊ ಆರೂವರೆಗೆ ಏರಿ ಗೃಹಸಾಲ ಎಂಟೂ ಮುಕ್ಕಾಲಿನ ಆಸುಪಾಸಿಗೆ ಬಂದಿದ್ದ ಕಾಲ. ಆ ದರದಲ್ಲಿ ಇಪ್ಪತ್ತು ವರ್ಷದ ಸಾಲಕ್ಕೆ ಲಕ್ಷಕ್ಕೆ ಸುಮಾರು 884 ರೂಪಾಯಿ ಕಂತು. ಅಂದರೆ ಐದೂವರೆ ಲಕ್ಷ ತಂದುಕೊಳ್ಳಲು ಹೋಗಿ ಹದಿನಾಲ್ಕು ಲಕ್ಷದ ಗೃಹಸಾಲದ ಯೋಗ್ಯತೆಯನ್ನು ಕಳೆದುಕೊಂಡಂತೆ. ಸಂಬಳ ಬಹಳ ದೊಡ್ಡದಿದ್ದವರಿಗೆ ನಡೆಯಬಹುದು. ನಮಗೆ ನಡೆಯುವಂತಿರಲಿಲ್ಲ.

ಅಪ್ಪನ ಹಣ ತೆಗೆದುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಬಂಧುಗಳ ಕೈಸಾಲಕ್ಕೆ ಬ್ಯಾಂಕಿನ ಕಂತಿಲ್ಲ. 82 ಲಕ್ಷಕ್ಕೆ ಮನೆ ಬರುತ್ತಿತ್ತು. ಬಡ್ಡಿ ನಮಗೂ ಏರುತ್ತಿತ್ತು, ಆದರೆ ಏರುತ್ತಿದ್ದದ್ದು ಅರವತ್ತೈದೂವರೆ ಲಕ್ಷದ ಮೇಲೆ. ಅವ್ವನ ಮೊಣಕಾಲಿನ ಶಸ್ತ್ರಚಿಕಿತ್ಸೆ ನಡೆದದ್ದು 2023ರ ಕೊನೆಗೆ. ಅಷ್ಟರೊಳಗೆ ಮೂರು ಪಾಲಿನಲ್ಲಿ ಎರಡನ್ನಾದರೂ ಹಿಂತಿರುಗಿಸಬಹುದಿತ್ತು. ಇದನ್ನೆಲ್ಲ ಆಗ ಊಹಿಸಲು ಸಾಧ್ಯವಿರಲಿಲ್ಲ ಎಂದು ಇವರು ಸಮಾಧಾನ ಹೇಳುತ್ತಾರೆ. ಬೆಲೆಯನ್ನು ಊಹಿಸಲು ಸಾಧ್ಯವಿರಲಿಲ್ಲ, ನಿಜ. ಆದರೆ ಮಾರ್ಚ್ ಕೊನೆಗೆ ರಿಯಾಯಿತಿ ಮುಗಿಯುವ ದಿನಾಂಕ ಅಚ್ಚಾಗಿಯೇ ಇತ್ತು. 75 ಲಕ್ಷದ ಗಡಿಯೂ ಅಚ್ಚಾಗಿಯೇ ಇತ್ತು. ಮುಂದಿನ ವರ್ಷದ ಉಳಿತಾಯವನ್ನು ಮುಂದಿನ ವರ್ಷದ ಗುರಿಗೆ ಹಿಡಿದು ನೋಡದೆ, ಅಂದಿನ ಗುರಿಗೇ ಹಿಡಿದು ನೋಡಿದವಳು ನಾನು. ಆಫೀಸಿನಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಕಾಗದವನ್ನು ವಾಪಸು ಕಳಿಸುತ್ತಿದ್ದೆ.

2024ರ ಮಳೆಗಾಲದಲ್ಲಿ ಆ ಮನೆಯ ಆಸೆ ಬಿಟ್ಟೆವು. ಬೆಲೆ 93 ಲಕ್ಷದೊಳಗಿರಬೇಕು ಎಂಬ ಒಂದೇ ಷರತ್ತು ಹಾಕಿಕೊಂಡು ಹುಡುಕಿ, ಕಳವಾದಲ್ಲಿ 88 ಲಕ್ಷದ ಒಂದು ಮನೆ ಹಿಡಿದೆವು. ತೊಂಬತ್ತರ ದಶಕದ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ನನ್ನೊಬ್ಬಳ ಹೆಸರಿನಲ್ಲೇ ಕೊಂಡೆವು. ಕೊಳ್ಳುವವರೆಲ್ಲ ಹೆಂಗಸರೇ ಆಗಿದ್ದರೆ ಮಹಾರಾಷ್ಟ್ರದಲ್ಲಿ ಸ್ಟ್ಯಾಂಪ್ ಡ್ಯೂಟಿಯಲ್ಲಿ ಒಂದು ಭಾಗ ಬಿಡುತ್ತಾರೆ. ಸಾಲದಲ್ಲಿ ಮಾತ್ರ ಇವರೂ ಸಹ ಅರ್ಜಿದಾರರು. ಹೀಗೆ ಎಂಬತ್ತೆಂಟು ಸಾವಿರ ಉಳಿಯಿತು. ಕೈಯಲ್ಲಿ ನಾಲ್ಕು ಲಕ್ಷ ಉಳಿದು, ಬಣ್ಣ ಬಳಿಸಿ ಅಡುಗೆಮನೆ ಸರಿಮಾಡಿಸಬಹುದು ಎಂಬ ಹುಮ್ಮಸ್ಸಿನಲ್ಲಿದ್ದೆವು.

ಆಮೇಲೆ ಬ್ಯಾಂಕಿನ ಮೌಲ್ಯಮಾಪಕರು ಬಂದರು. ಗೋಡೆ ತಟ್ಟಿ, ತಾರಸಿಯ ಸೋರಿಕೆ ನೋಡಿ, ಕಟ್ಟಡದ ವಯಸ್ಸು ಕೇಳಿ ಹೋದರು. ಅವರ ವರದಿಯಲ್ಲಿ ಮನೆಯ ಮೌಲ್ಯ 84 ಲಕ್ಷ. ಬ್ಯಾಂಕು 80 ಭಾಗ ಕೊಡುವುದು ಕರಾರಿನ ಬೆಲೆ ಮತ್ತು ಈ ಮೌಲ್ಯ ಇವೆರಡರಲ್ಲಿ ಕಡಿಮೆ ಇರುವುದಕ್ಕೆ. ಸಾಲ ಎಪ್ಪತ್ತು ಲಕ್ಷದಿಂದ 67ಕ್ಕೆ ಇಳಿಯಿತು, ಮಾರುವವರು ಒಂದು ರೂಪಾಯಿಯನ್ನೂ ಬಿಡಲಿಲ್ಲ. ಹಳೆಯ ಕಟ್ಟಡದಲ್ಲಿ ಮನೆ ನೋಡುವವರು ಟೋಕನ್ ಕೊಡುವ ಮೊದಲೇ ಬ್ಯಾಂಕಿನಿಂದ ಮೌಲ್ಯಮಾಪನ ಮಾಡಿಸಿಕೊಳ್ಳುವುದು ಕ್ಷೇಮ. ನಾವು ಕೊಟ್ಟ ಮೇಲೆ ಮಾಡಿಸಿದೆವು. ಎಲ್ಲ ತೆತ್ತ ಮೇಲೆ ಖಾತೆಯಲ್ಲಿ ಉಳಿದದ್ದು 99 ಸಾವಿರ ರೂಪಾಯಿ.

ಅಡುಗೆಮನೆ ಇನ್ನೂ ಹಾಗೆಯೇ ಇದೆ. ಗೃಹಪ್ರವೇಶಕ್ಕೆ ಕರೆಯಲು ಫೋನು ಮಾಡಿದಾಗ ಅಪ್ಪ ಕೇಳಿದ್ದು ಒಂದೇ: “ಎಷ್ಟು ಪಾವಟಿಗೆ ಅದಾವು?” ನಾನು ಎಣಿಸಿರಲಿಲ್ಲ. ಇಳಿದು ಹೋಗಿ ಎಣಿಸಿಕೊಂಡು ಬಂದು ಹೇಳಿದೆ, ಐವತ್ತನಾಲ್ಕು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಬರ್ತೀನಿ ತಗೋ. ನಿಮ್ಮವ್ವಗ ಆಗೂದಿಲ್ಲ” ಎಂದರು.