ನೂರಕ್ಕೆ ಐವತ್ತೆರಡು

ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ನಮ್ಮೂರ ಶಾಲೆಯ ಹೆಡ್ ಮಾಸ್ತರ್ರು ಫೋನ್ ಮಾಡಿದ್ರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಗಣಿತ ಕಲಿಸಿದವರು. "ತಮ್ಮಾ, ಸೆಪ್ಟೆಂಬರ್ 8ಕ್ಕ ಸಾಕ್ಷರತಾ ದಿನ ಅದ. ಊರಿನ ಗ್ರಂಥಾಲಯದ ಗೋಡಿಗೆ ಒಂದು ದೊಡ್ಡ ಪೋಸ್ಟರ್ ಬೇಕು. ನಿನಗೊಂದು ಪಿಪಿಟಿ ಕಳಸ್ತೀನಿ, ಅದರಾಗಿಂದು ತಗದು ಒಂದು ಹಾಳಿಗೆ ಬರೋ ಹಂಗ ಮಾಡಿ ಕೊಡು" ಅಂದ್ರು. ಅಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಓದು ಬರಹ ಕಲಿಸುವ ಕ್ಲಾಸ್ ಶುರು ಮಾಡೋ ವಿಚಾರವೂ ಅವರಿಗಿತ್ತು.

ಪಿಪಿಟಿ ಬಂತು. 46 ಸ್ಲೈಡ್. ಯಾವುದೋ ತರಬೇತಿಗೆ ಅಂತ ಯಾರೋ ಜನಗಣತಿಯ ಕೋಷ್ಟಕಗಳನ್ನೆಲ್ಲ ತಂದು ಸುರಿದಿದ್ದರು. ಆಫೀಸಿನಲ್ಲಿ ಡ್ಯಾಶ್‌ಬೋರ್ಡ್ ಮಾಡುವುದೇ ನನ್ನ ಕೆಲಸ, ಒಂದು ಸಂಜೆಯ ಮಾತು ಅಂದುಕೊಂಡೆ. ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವ ಸಂಖ್ಯೆ ಹುಡುಕಿದೆ. 2011ರಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ಕರ್ನಾಟಕದ 30 ಜಿಲ್ಲೆಗಳಲ್ಲಿ ಕೊನೆಯದು. ಅದನ್ನೇ ಕೆಂಪು ಬಣ್ಣದಲ್ಲಿ ಗೋಡೆಯರ್ಧ ತುಂಬುವ ಹಾಗೆ ಇಟ್ಟು, ಕೆಳಗೆ "ರಾಜ್ಯದಲ್ಲೇ ಕೊನೆಯ ಸ್ಥಾನ ನಮ್ಮದು" ಅಂತ ಬರೆದು ರಾತ್ರಿಯೇ ವಾಟ್ಸಾಪ್ ಮಾಡಿದೆ.

ಬೆಳಿಗ್ಗೆ ಮಾಸ್ತರ್ರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು. "ಇದನ್ನ ಗೋಡಿಗೆ ಹಚ್ಚಿದ್ರ ಯಾರು ಓದ್ತಾರ? ಓದಾಕ ಬರೋರು ಓದ್ತಾರ. ಬರಲಾರದವರಿಗೆ ಅವರು ಓದಿ ಹೇಳ್ತಾರ, ನೋಡ್ರಿ ನಿಮ್ಮಿಂದ ನಾವು ಕೊನಿಗೆ ಬಂದೀವಿ ಅಂತ. ಮುಂದ ಕ್ಲಾಸಿಗೆ ಯಾರು ಬರ್ತಾರ?"

ನನ್ನ ಅವ್ವ ಆ ಗ್ರಂಥಾಲಯದ ಮುಂದೆಯೇ ದಿನಾ ಹಾಲಿನ ಡೇರಿಗೆ ಹೋಗುತ್ತಾಳೆ. ಅವ್ವನಿಗೆ ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ. ಫೋನ್ ಇಟ್ಟವನು ಆ ಫೈಲನ್ನು ಮತ್ತೆ ತೆರೆಯಲಿಲ್ಲ. ಹೊಸದೊಂದು ಹಾಳೆ ತೆಗೆದುಕೊಂಡು ಮೊದಲಿನಿಂದ ಕೂತೆ.

ಈ ಸಲ ಚಿತ್ರ ಬಿಟ್ಟು ಬರೀ ಮಾತಿನಿಂದ ಶುರು ಮಾಡಿದೆ. ಪ್ರತಿ ಸ್ಲೈಡಿಗೂ ಸಂಖ್ಯೆಯೇ ಇಲ್ಲದ ಒಂದು ವಾಕ್ಯ ಬರೆಯುವುದು. "ಹೆಣ್ಣುಮಕ್ಕಳ ಓದು ಹತ್ತು ವರ್ಷದಲ್ಲಿ ಗಂಡಸರಿಗಿಂತ ಬೇಗ ಏರಿದೆ." "ಕರಾವಳಿಯ ಜಿಲ್ಲೆಗೂ ನಮಗೂ ಭಾಳ ಅಂತರ ಇದೆ." ಹೀಗೆ ವಾಕ್ಯ ಹುಟ್ಟದ ಸ್ಲೈಡುಗಳನ್ನು ಬದಿಗಿಟ್ಟೆ. 46ರಲ್ಲಿ ಉಳಿದದ್ದು ಒಂಬತ್ತು. ಅವುಗಳಲ್ಲಿ ಒಂದೇ ಮಾತನ್ನು ಎರಡೆರಡು ಸಲ ಹೇಳುವುದನ್ನು ತೆಗೆದರೆ ನಾಲ್ಕು. ಒಂದು ಪೋಸ್ಟರಿಗೆ ಅಷ್ಟು ಸಾಕು. ಒಂದು ತಲೆಬರಹಕ್ಕೆ, ಮೂರು ಅದರ ಕೆಳಗೆ.

ಆಮೇಲೆ ಆ ನಾಲ್ಕರ ಸಂಖ್ಯೆಗಳನ್ನು ಒಂದೊಂದಾಗಿ ತೂಗಿದೆ. ಮೊದಲ ತೊಡಕು ಅಲ್ಲೇ ಸಿಕ್ಕಿತು. ಒಂದು ಸ್ಲೈಡಿನಲ್ಲಿ ರಾಜ್ಯದ ಸಾಕ್ಷರತೆ ಶೇ. 75.60, ಇನ್ನೊಂದರಲ್ಲಿ ಶೇ. 75.36. ಎರಡೂ 2011ರವೇ. 75.60 ಎಣಿಕೆಯಾದ ಕೂಡಲೇ ಕೊಟ್ಟ ತಾತ್ಕಾಲಿಕ ಅಂಕಿ, 75.36 ಆಮೇಲೆ ಬಂದ ಅಂತಿಮ ಅಂಕಿ. ಪಿಪಿಟಿ ಮಾಡಿದವರು ಎರಡು ಕಡೆಯಿಂದ ನಕಲು ಮಾಡಿದ್ದರು. ಒಂದೇ ಪೋಸ್ಟರಿನಲ್ಲಿ ಎರಡನ್ನೂ ಬೆರೆಸಬಾರದು. ಅಂತಿಮವಾದುದನ್ನೇ ಹಿಡಿದೆ.

ಎರಡನೆಯದು ಇನ್ನೂ ಮೋಸದ್ದು. "ಮಹಿಳಾ ಸಾಕ್ಷರತೆಯಲ್ಲಿ ಶೇ. 20ರಷ್ಟು ಏರಿಕೆ" ಅಂತ ಒಂದು ಸ್ಲೈಡಿನ ಶೀರ್ಷಿಕೆ. 2001ರಲ್ಲಿ ರಾಜ್ಯದ ಹೆಣ್ಣುಮಕ್ಕಳ ಸಾಕ್ಷರತೆ ಶೇ. 56.87, 2011ರಲ್ಲಿ ಶೇ. 68.08. ಕಳೆದರೆ 11.21. ಹಾಗಾದರೆ 20 ಎಲ್ಲಿಂದ ಬಂತು? 11.21 ಅನ್ನು 56.87ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಶೇ. 20 ಬರುತ್ತದೆ. ಲೆಕ್ಕ ತಪ್ಪಲ್ಲ. ಆದರೆ ಗೋಡೆಯ ಮುಂದೆ ನಿಂತವನು 57ಕ್ಕೆ 20 ಕೂಡಿಸಿ 77 ಅಂದುಕೊಂಡೇ ಹೋಗುತ್ತಾನೆ. ನಾವು ಆಫೀಸಿನಲ್ಲಿ ಇದಕ್ಕೆ ಪರ್ಸೆಂಟೇಜ್ ಪಾಯಿಂಟ್ ಅಂತ ಬೇರೆ ಹೆಸರಿಟ್ಟುಕೊಂಡು ಪಾರಾಗುತ್ತೇವೆ. ಊರಿನ ಗೋಡೆಯ ಮೇಲೆ ಆ ಹೆಸರು ನಡೆಯುವುದಿಲ್ಲ. "100 ಹೆಣ್ಣುಮಕ್ಕಳಲ್ಲಿ ಆಗ 57, ಈಗ 68" ಅಂತ ಬರೆದರೆ ಏರಿಕೆಯನ್ನು ಹೇಳುವ ಕೆಲಸವೇ ಇಲ್ಲ, ಓದಿದವರೇ ಕಳೆದುಕೊಳ್ಳುತ್ತಾರೆ.

ಹಾಗೆ ಕಳೆದುಕೊಳ್ಳುತ್ತಾರೆ ಅನ್ನುವುದೇ ಮೂರನೇ ತೊಡಕು. ಪೋಸ್ಟರಿನಲ್ಲಿ ದಶಮಾಂಶ ಬೇಡ ಅಂತ ಎಲ್ಲವನ್ನೂ ಪೂರ್ಣ ಸಂಖ್ಯೆಗೆ ತಂದಿದ್ದೆ. ರಾಜ್ಯದ ಸಾಕ್ಷರತೆ 2001ರ 66.64ರಿಂದ 75.36ಕ್ಕೆ ಏರಿದ್ದು 8.72, ಅಂದರೆ 9. ಆದರೆ 66.64 ಆಗುವುದು 67, 75.36 ಆಗುವುದು 75. 75ರಲ್ಲಿ 67 ಹೋದರೆ 8! ಮೂರೂ ಬೇರೆ ಬೇರೆಯಾಗಿ ಸರಿ, ಒಟ್ಟಿಗೆ ಇಟ್ಟರೆ ತಪ್ಪು. ಮಾಸ್ತರ್ರಂಥ ಗಣಿತದವರು ಮೊದಲು ಅದನ್ನೇ ಹಿಡಿಯುತ್ತಾರೆ, ಆಮೇಲೆ ಉಳಿದ ಯಾವ ಅಂಕಿಯನ್ನೂ ನಂಬುವುದಿಲ್ಲ. ಆ ಸಾಲನ್ನೇ ಬಿಟ್ಟೆ. ಹೆಣ್ಣುಮಕ್ಕಳ 57, 68ರಲ್ಲಿ ಈ ಕಾಟ ಇರಲಿಲ್ಲ. 11.21 ಕೂಡ 11ಕ್ಕೇ ಬರುತ್ತದೆ.

"ಮೂವರಲ್ಲಿ ಒಬ್ಬರಿಗೆ" ಅನ್ನುವ ಮಾತೂ ಮೊದಲು ಚಂದ ಕಂಡಿತ್ತು. ಓದು ಬರಹ ಬಾರದ ಹೆಣ್ಣುಮಕ್ಕಳು ಶೇ. 31.92, ಅಂದರೆ ಸುಮಾರು ಮೂವರಲ್ಲಿ ಒಬ್ಬರು. ಗಂಡಸರು ಶೇ. 17.53, ಆರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಪಕ್ಕ ಪಕ್ಕ ಬರೆದಾಗ ಗೊತ್ತಾಯಿತು, 'ಮೂರರಲ್ಲಿ ಒಂದು', 'ಆರರಲ್ಲಿ ಒಂದು' ಅಂದರೆ ಅವಸರದಲ್ಲಿ ಓದುವವರಿಗೆ ಆರೇ ದೊಡ್ಡದಾಗಿ ಕಾಣುತ್ತದೆ. ಹೋಲಿಸಬೇಕಾದಲ್ಲೆಲ್ಲ ಒಂದೇ ಬುಡ ಇರಬೇಕು. ಎಲ್ಲವನ್ನೂ ನೂರಕ್ಕೆ ತಂದೆ.

ಇನ್ನು ನಮ್ಮ 52. ಮಾಸ್ತರ್ರ ಮಾತು ಕೇಳಿ ಅದನ್ನು ತೆಗೆದೇ ಹಾಕಿ ಎರಡನೇ ಕರಡು ಕಳಿಸಿದ್ದೆ. ಅದಕ್ಕೂ ಬೈಸಿಕೊಂಡೆ. "ಮುಚ್ಚಿಡು ಅಂತ ಎಲ್ಲಿ ಹೇಳೀನಿ? ಎಷ್ಟು ಅದ ಅಷ್ಟು ಹೇಳು. ಕೊನಿ ಅನ್ನಬ್ಯಾಡ ಅಂದೆ, ಅಷ್ಟೇ." ಯೋಚಿಸಿದರೆ ಅವರು ಹೇಳಿದ್ದು ಸರಿ. 52 ಅನ್ನುವುದು ಎಣಿಸಿದ್ದು. ಕೊನೆಯ ಸ್ಥಾನ ಅನ್ನುವುದು ಬೇರೆ 29 ಜಿಲ್ಲೆಗಳ ಮೇಲೆ ನಿಂತ ಮಾತು, ನಾವು 70 ಮುಟ್ಟಿದರೂ ಕೊನೆಯಲ್ಲೇ ಇರಬಹುದು. ಹಾಗಾಗಿ ಮೂರು ಪಟ್ಟಿ ಬರೆದೆ. ನಮ್ಮ ಜಿಲ್ಲೆ 52, ರಾಜ್ಯ 75, ಎಲ್ಲಕ್ಕಿಂತ ಮುಂದಿದ್ದ ದಕ್ಷಿಣ ಕನ್ನಡ 89. ಪಟ್ಟಿಯ ಮೇಲೇ ಊರಿನ ಹೆಸರು ಮತ್ತು ಸಂಖ್ಯೆ. ಕೆಳಗೆಲ್ಲೋ ಬಣ್ಣದ ಚೌಕ ಹಾಕಿ, ಕೆಂಪು ಅಂದರೆ ಇದು, ನೀಲಿ ಅಂದರೆ ಅದು ಅಂತ ಹುಡುಕಿಸುವುದಿಲ್ಲ.

ಸ್ಥಾನ ಎಷ್ಟು ಕುರುಡು ಅನ್ನುವುದು ತಿಳಿದದ್ದು ಬೆಂಗಳೂರಿನ ಲೆಕ್ಕ ಹಾಕಿದಾಗ. ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ. 87.67. ಆದರೆ ಅಲ್ಲಿನ ಜನ 2011ರಲ್ಲೇ 96 ಲಕ್ಷ. ಉಳಿದ ಶೇ. 12.33ಕ್ಕೆ ಎಷ್ಟು ಜನ? ಅವಸರದಲ್ಲಿ 96 ಲಕ್ಷಕ್ಕೇ ಗುಣಿಸಿ ಹನ್ನೆರಡು ಲಕ್ಷದ ಹತ್ತಿರ ಬರೆದುಕೊಂಡೆ. ಅದು ತಪ್ಪು. ಜನಗಣತಿಯಲ್ಲಿ ಸಾಕ್ಷರತೆಯ ಲೆಕ್ಕ 7 ವರ್ಷ ಮತ್ತು ಅದಕ್ಕೂ ಹೆಚ್ಚಿನವರದ್ದು. ಚಿಕ್ಕ ಮಕ್ಕಳನ್ನು ಮೊದಲು ಕಳೆಯಬೇಕು. ಕಳೆದರೆ ಸುಮಾರು 85 ಲಕ್ಷ, ಅದರ ಶೇ. 12.33 ಅಂದರೆ ಹತ್ತೂವರೆ ಲಕ್ಷದ ಆಸುಪಾಸು. ಯಾದಗಿರಿಯಲ್ಲಿ ಇದೇ ಲೆಕ್ಕಕ್ಕೆ ಐದು ಲಕ್ಷಕ್ಕಿಂತ ಕಡಿಮೆ. ಯಾದಗಿರಿ ಜಿಲ್ಲೆಯ ಒಟ್ಟು ಜನವೇ ಆಗ 11.74 ಲಕ್ಷ.

ಇದನ್ನು ಊರಿನ ಪೋಸ್ಟರಿಗೆ ಹಾಕಲಿಲ್ಲ. ಹಾಕಿದರೆ 'ಅಲ್ಲಿನೂ ಅದಾರಲ್ಲ' ಅಂತ ಸಮಾಧಾನ ಸಿಗುತ್ತದೆಯೇ ಹೊರತು, ನೂರರಲ್ಲಿ 48 ಜನಕ್ಕೆ ಬಸ್ಸಿನ ಬೋರ್ಡು ಓದಲು ಬಾರದ ಊರಿಗೂ 12 ಜನಕ್ಕೆ ಬಾರದ ಊರಿಗೂ ಇರುವ ಫರಕು ಅಳಿಸಿಹೋಗುತ್ತದೆ. ಆದರೆ ನಮ್ಮ ಆಫೀಸಿನ ನೋಟಿಸ್ ಬೋರ್ಡಿಗೆ ಅಂತ ಇನ್ನೊಂದು ಹಾಳೆ ಮಾಡಿದೆ, ಅದರ ತಲೆಬರಹವೇ ಅದು: "ಓದು ಬರಹ ಬಾರದವರು ಈ ನಗರದಲ್ಲೇ 10 ಲಕ್ಷಕ್ಕೂ ಹೆಚ್ಚು ಇದ್ದರು." ಪಿಪಿಟಿ ಒಂದೇ, ಗೋಡೆ ಎರಡು. ಊರಿನವರಿಗೆ ನೂರಕ್ಕೆ ಎಷ್ಟು ಅನ್ನುವುದು ಬೇಕು. ಇದೆಲ್ಲ ಎಲ್ಲೋ ದೂರದ ಜಿಲ್ಲೆಯ ಸಮಸ್ಯೆ ಅಂದುಕೊಂಡಿರುವ ನಮ್ಮಂಥವರಿಗೆ ತಲೆ ಎಷ್ಟು ಅನ್ನುವುದು ಬೇಕು.

ಕೊನೆಗೆ ಊರಿಗೆ ಹೋದ ಪೋಸ್ಟರಿನ ಪೂರ್ತಿ ಮಾತು ಇಷ್ಟು. ತಲೆಬರಹ: "ಕರ್ನಾಟಕದ 100 ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು: 2001ರಲ್ಲಿ 57, 2011ರಲ್ಲಿ 68." ಅದರ ಕೆಳಗೆ: "ಅದೇ ವರ್ಷಗಳಲ್ಲಿ ಗಂಡಸರು 76, 82. ಅಂತರ 19ರಿಂದ 14ಕ್ಕೆ ಇಳಿಯಿತು." ಆಮೇಲೆ ಮೂರು ಪಟ್ಟಿ, ಅದರ ಮೇಲೆ "2011ರಲ್ಲಿ 100 ಜನರಲ್ಲಿ ಓದು ಬರಹ ಬಲ್ಲವರು." ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ, ಆದರೆ ನಿಂತು ಓದಲು ಬರುವಷ್ಟು ದೊಡ್ಡದಾಗಿ: "7 ವರ್ಷ ಮತ್ತು ಮೇಲಿನವರು. ಯಾವುದೇ ಒಂದು ಭಾಷೆಯನ್ನು ತಿಳಿದು ಓದಲು, ಬರೆಯಲು ಬಂದರೆ ಸಾಕ್ಷರರು. ಶಾಲೆಗೆ ಹೋಗಿರಬೇಕೆಂದಿಲ್ಲ. ಆಧಾರ: ಜನಗಣತಿ 2001, 2011." 2021ರ ಜನಗಣತಿ ಆಗಲೇ ಇಲ್ಲವಾದ್ದರಿಂದ 'ಇದೆ' ಅಂತ ಎಲ್ಲೂ ಬರೆದಿಲ್ಲ, ವರ್ಷ ಇಲ್ಲದ ಸಂಖ್ಯೆಯೂ ಇಲ್ಲ.

ಶಾಲೆಗೆ ಹೋಗಿರಬೇಕೆಂದಿಲ್ಲ ಅನ್ನುವ ಮಾತು ಮಾಸ್ತರ್ರಿಗೆ ಭಾಳ ಹಿಡಿಸಿತು. "ಇದ ನೋಡು ಕ್ಲಾಸಿಗೆ ಕರಿಯೋ ಮಾತು" ಅಂದ್ರು.

ದಸರಾ ರಜೆಗೆ ಊರಿಗೆ ಹೋದಾಗ ಅವ್ವನನ್ನು ಕರೆದುಕೊಂಡು ಹೋಗಿ ಪೋಸ್ಟರ್ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 52ರ ಪಟ್ಟಿಯ ಮೇಲೆ ಬೆರಳಿಟ್ಟು, "ಇದರಾಗ ನಾ ಅದೀನೇನು?" ಅಂದ್ಲು. ಜನಗಣತಿಯವರು ಬಂದಾಗ ಏನು ಬರೆಸಿದ್ದಿರಿ ಅಂತ ಕೇಳಿದೆ. "ನಿಮ್ಮಪ್ಪ ಹೇಳಿದ್ದ, ಆಕಿ ಸಹಿ ಮಾಡ್ತಾಳ್ರಿ ಅಂತ. ಅವರು ಏನು ಬರಕೊಂಡ್ರೋ ಏನೋ."

ಸಹಿ ಒಂದೇ ಬಂದರೆ ಲೆಕ್ಕಕ್ಕಿಲ್ಲ ಅವ್ವ, ಅಂದೆ. "ಹಂಗಂದ್ರ ಆ ಕಡಿ ಅದೀನಿ" ಅಂತ ಪಟ್ಟಿ ಮುಗಿದ ಮೇಲಿನ ಖಾಲಿ ಜಾಗ ತೋರಿಸಿದಳು. ಆ ಖಾಲಿ ಜಾಗಕ್ಕೆ ನಾನು ಯಾವ ಹೆಸರನ್ನೂ ಬರೆದಿರಲಿಲ್ಲ.

ಸಂಜೆ ಕ್ಲಾಸ್ ಎಷ್ಟು ಗಂಟೆಗೆ ಅಂತ ಅಲ್ಲಿದ್ದ ಹುಡುಗನನ್ನು ಅವ್ವನೇ ಕೇಳಿದಳು. ಏಳಕ್ಕೆ ಅಂದ. ಅದನ್ನೂ ಪೋಸ್ಟರಿನಲ್ಲಿ ಹಾಕಬೇಕಿತ್ತು ಅಂತ ನನಗೆ ಹೊಳೆದದ್ದು ಆಗಲೇ.