ಒಂದು ದಿನದ ಬೇನೆಗೆ ವೈದ್ಯರ ಚೀಟಿ

ಬೆಳಗ್ಗೆ ಎಂಟೂವರೆಯ ಹೊತ್ತಿಗೆ ಕೂಳೂರಿನ ಸೇತುವೆಯ ಬಳಿ ನಿಂತು ನೋಡಿದವರಿಗೆ, ನಮ್ಮ ಈ ಕಡೆಯಲ್ಲಿ ತಿಂಗಳ ಸಂಬಳವನ್ನೇ ನಂಬಿದ ಸಂಸಾರಗಳೆಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪಣಂಬೂರಿನ ಬಂದರಕ್ಕೂ ಕಾರ್ಖಾನೆಗಳಿಗೂ ಹೋಗುವವರು ಕೆಲವರು; ಹೆದ್ದಾರಿಯ ಇಕ್ಕೆಲದ ಅಂಗಡಿ, ಲಾರಿ ಆಪೀಸು, ಗೋದಾಮುಗಳಲ್ಲಿ ಲೆಕ್ಕ ಬರೆಯುವವರು ಹಲವರು. ಮಳೆಗಾಲ ಹಿಡಿಯಿತೆಂದರೆ ಈ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುವುದು. ಬೇನೆಯೆಂದು ಒಂದೇ ಒಂದು ದಿನ ಮನೆಯಲ್ಲಿ ಮಲಗಿದವರಿಂದ ಯಜಮಾನರು ವೈದ್ಯರ ಪ್ರಮಾಣಪತ್ರವನ್ನು ಕೇಳಬಹುದೆ? ಕೇಳಿದರೆ ಕೊಡಲೇಬೇಕೆ?

ಕಳೆದ ಮಳೆಗಾಲದಲ್ಲಿ ಈ ಪ್ರಶ್ನೆ ನಮ್ಮ ಮನೆಗೇ ಬಂದಿತು. ನಮ್ಮ ತಂಗಿಯ ಮಗಳು ನಮ್ಮಲ್ಲಿಯೇ ಇದ್ದುಕೊಂಡು, ಹದಿನಾಲ್ಕು ಜನರಿರುವ ಒಂದು ವ್ಯಾಪಾರದ ಆಪೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತಾಳೆ. ಸಂಬಳ 18,000 ರೂಪಾಯಿ. ಒಂದು ಸೋಮವಾರ ನಸುಕಿನಲ್ಲಿ ಅವಳಿಗೆ ವಾಂತಿಭೇದಿ ಹಿಡಿಯಿತು. ಆಪೀಸಿಗೆ ಸುದ್ದಿ ಮುಟ್ಟಿಸಿ, ಉಪ್ಪುಸಕ್ಕರೆಯ ನೀರನ್ನೂ ಗಂಜಿತಿಳಿಯನ್ನೂ ಕುಡಿದು ಮಲಗಿದಳು. ಸಂಜೆಗೆ ಹೊಟ್ಟೆ ತಹಬಂದಿಗೆ ಬಂದಿತು. ಮಂಗಳವಾರ ಎಂದಿನಂತೆ ಹೊರಟಳು. ಅಲ್ಲಿಯ ಮೇನೇಜರರು, “ಸರ್ಟಿಫಿಕೇಟು ತನ್ನಿ, ಇಲ್ಲದಿದ್ದರೆ ಎರಡು ದಿನದ ಸಂಬಳ ಹೋಗುತ್ತದೆ” ಎಂದರಂತೆ.

ಸಂಜೆ ಅವಳು ನಮಗೆ ಪರಿಚಿತರಾದ ವೈದ್ಯರಲ್ಲಿಗೆ ಹೋದಳು. ಅವರು ಸಜ್ಜನರು, ಆದರೆ ಬಿಗಿ ಮನುಷ್ಯರು. “ನಿನ್ನೆ ನಾನು ನಿನ್ನನ್ನು ನೋಡಲಿಲ್ಲವಮ್ಮ. ನೋಡದ್ದನ್ನು ಹೇಗೆ ಬರೆಯಲಿ?” ಎಂದರು. ಕೊನೆಗೆ, ನಿನ್ನೆ ವಾಂತಿಭೇದಿಯಾಗಿತ್ತೆಂದು ರೋಗಿ ಹೇಳುತ್ತಾಳೆ, ಈ ದಿನ ಪರೀಕ್ಷಿಸಿದಾಗ ನಿತ್ರಾಣ ಕಂಡುಬಂದಿದೆ, ಎಂದಷ್ಟೇ ಬರೆದುಕೊಟ್ಟರು. ವೈದ್ಯರ ಶುಲ್ಕ 300 ರೂಪಾಯಿ, ರಿಕ್ಷಾ ಬಾಡಿಗೆ ಹೋಗಿಬರಲು 160. ತಿಂಗಳಿಗೆ ಮೂವತ್ತು ದಿನವೆಂದು ಲೆಕ್ಕ ಹಿಡಿದರೆ ಅವಳ ಒಂದು ದಿನದ ಸಂಬಳ 600. ಆ 600ನ್ನು ಉಳಿಸಿಕೊಳ್ಳಲು 460 ಕೈಬಿಟ್ಟಿತು. ಬಂದ ಚೀಟಿಯಾದರೂ ಅವಳ ಬಾಯಿಮಾತನ್ನೇ ವೈದ್ಯರ ಕೈಯಲ್ಲಿ ಬರೆಯಿಸಿದಂತಾಯಿತು.

“ಮಾವ, ಅವರಿಗೆ ಹೀಗೆ ಕೇಳುವ ಹಕ್ಕುಂಟೆ?” ಎಂದು ಅವಳು ಕೇಳಿದ ಮೇಲೆ ನಾವು ಕಾಯಿದೆಯ ಪುಸ್ತಕವನ್ನು ತೆರೆದೆವು.

ಅಂಗಡಿಗಳಿಗೂ ವ್ಯಾಪಾರದ ಆಪೀಸುಗಳಿಗೂ ನಮ್ಮ ರಾಜ್ಯದಲ್ಲಿ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. ಅದರ 15ನೆಯ ಕಲಮಿನಂತೆ, ದುಡಿದ 20 ದಿನಗಳಿಗೆ ಒಂದರಂತೆ ಸೇರುವ ವಾರ್ಷಿಕ ರಜೆಯಲ್ಲದೆ, ಬೇನೆ ಅಥವಾ ಅಪಘಾತದ ಕಾರಣದಿಂದ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತವಾದ ರಜೆಯುಂಟು. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿಯೂ ಇದು ಸಲ್ಲುವುದು. ಇದು ಯಜಮಾನರ ದಾಕ್ಷಿಣ್ಯವಲ್ಲ, ನೌಕರರ ಹಕ್ಕು. ಆದರೆ ಈ ಕಲಮು ರಜೆ ಇಷ್ಟು ದಿನವೆಂದು ಹೇಳುತ್ತದೆಯೇ ಹೊರತು, ಎಷ್ಟನೆಯ ದಿನದಿಂದ ವೈದ್ಯರ ಚೀಟಿ ಬೇಕೆಂಬುದನ್ನು ಹೇಳುವುದಿಲ್ಲ. ಜಗಳವೆಲ್ಲ ಹುಟ್ಟುವುದು ಈ ಮೌನದಲ್ಲಿಯೇ.

ಮೌನಕ್ಕೆ ಎರಡು ಪಕ್ಷದವರೂ ತಮತಮಗೆ ಬೇಕಾದ ಅರ್ಥವನ್ನು ಮಾಡುವರು. ಕಾಯಿದೆ ಬೇಡವೆನ್ನಲಿಲ್ಲವಾದ್ದರಿಂದ ಕೇಳಬಹುದು ಎಂದು ಯಜಮಾನರು. ಬೇಕೆನ್ನಲಿಲ್ಲವಾದ್ದರಿಂದ ಕೇಳಬಾರದು ಎಂದು ನೌಕರರು. ನಮಗೆ ತೋರುವ ಅರ್ಥ ಇವೆರಡರ ನಡುವಿನದು. ಬೇನೆಯಿದ್ದಿತೆಂಬುದಕ್ಕೆ ತಕ್ಕ ಆಧಾರವನ್ನು ಕೇಳುವುದಕ್ಕೆ ಯಜಮಾನರಿಗೆ ಅಡ್ಡಿಯಿಲ್ಲ. ಒಂದು ದಿನದ ರಜೆಗೂ ಚೀಟಿ ಬೇಕೆಂದು ನಿಯಮ ಮಾಡಿದರೆ ಅದು ಅಷ್ಟರಿಂದಲೇ ಕಾಯಿದೆಗೆ ವಿರುದ್ಧವಾಗುವುದಿಲ್ಲ. ಆದರೆ ಆ ನಿಯಮ ಮೊದಲೇ ಲಿಖಿತದಲ್ಲಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು, ಕಾಯಿದೆ ಕೊಟ್ಟ ಹನ್ನೆರಡು ದಿನಗಳನ್ನು ಇಲ್ಲವೆನ್ನಿಸುವ ಉಪಾಯವಾಗಿರಬಾರದು. ಆ ಕಾಯಿದೆಯ ಪ್ರಕಾರವೇ ಪ್ರತಿಯೊಬ್ಬ ನೌಕರರಿಗೂ ನೇಮಕದ ಆಜ್ಞೆಯನ್ನು ಕೊಡತಕ್ಕದ್ದು. ಆದುದರಿಂದ ಇಂತಹ ಜಗಳದಲ್ಲಿ ಮೊದಲು ನೋಡಬೇಕಾದ ಕಾಗದ ಅದು. ಎರಡನೆಯದು, ಆಪೀಸಿನಲ್ಲಿ ರಜೆಯ ನಿಯಮಗಳೆಂದು ಏನಾದರೂ ಹಂಚಿದ್ದರೆ ಅದು. ನಮ್ಮ ಹುಡುಗಿಯ ನೇಮಕಪತ್ರದಲ್ಲಿ ಮೂರು ದಿನ ಮೀರಿದ ಬೇನೆಗೆ ಪ್ರಮಾಣಪತ್ರವೆಂದು ಸ್ಪಷ್ಟವಾಗಿ ಬರೆದಿತ್ತು! ಮೇನೇಜರರು ಅದನ್ನು ಓದಿದ್ದರೋ ಇಲ್ಲವೋ ತಿಳಿಯದು.

ಎರಡು ದಿನದ ಸಂಬಳ ಹೋಗುತ್ತದೆಂಬ ಬೆದರಿಕೆಯಂತೂ ಯಾವ ಅರ್ಥದಲ್ಲಿಯೂ ನಿಲ್ಲದು. ಗೈರುಹಾಜರಿಗಾಗಿ ಸಂಬಳದಲ್ಲಿ ಹಿಡಿಯುವ ಹಣ, ಗೈರಿದ್ದ ಕಾಲದ ಪ್ರಮಾಣವನ್ನು ಮೀರಬಾರದೆಂಬುದು 1936ರ ಸಂಬಳ ಪಾವತಿ ಕಾಯಿದೆಯಲ್ಲಿದ್ದ ನಿಯಮ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲಿಯೂ ಅದು ಉಳಿದಿದೆ. ರಜೆಯನ್ನು ನಿರಾಕರಿಸಿದರೂ ಒಂದು ದಿನಕ್ಕೆ ಒಂದು ದಿನದ ಸಂಬಳವನ್ನಷ್ಟೇ ಹಿಡಿಯಬಹುದು.

ಯಜಮಾನರ ಪಕ್ಷದಲ್ಲಿಯೂ ಹೇಳತಕ್ಕ ಮಾತುಂಟು. ಮೂವರು ಕೆಲಸದವರಿರುವ ಅಂಗಡಿಯಲ್ಲಿ ಒಬ್ಬರು ಬಾರದಿದ್ದರೆ ಬಾಗಿಲು ತೆರೆಯುವುದೇ ಕಷ್ಟ. ಬೇನೆ ಯಾವಾಗಲೂ ಭಾನುವಾರದ ಮರುದಿನವೋ ಹಬ್ಬದ ಮುನ್ನಾದಿನವೋ ಬಂದರೆ ಸಂಶಯಪಡುವುದು ಮನುಷ್ಯಸ್ವಭಾವ. ಆದರೆ ಆ ಸಂಶಯಕ್ಕೆ ಔಷಧ ಹಾಜರಿ ಪುಸ್ತಕದಲ್ಲಿಯೇ ಇದೆ. ಯಾರು ಯಾವ ವಾರ ಎಷ್ಟು ಸಲ ಬಾರದಿದ್ದರೆಂಬುದನ್ನು ನೋಡಿ, ಅಂಥವರಿಗೆ ಮುಂದಿನ ಸಲದಿಂದ ಚೀಟಿ ತರಬೇಕೆಂದು ಬರೆದು ತಿಳಿಸಿದರೆ ನ್ಯಾಯವಾದೀತು. ಅದರ ಬದಲು ವರ್ಷಕ್ಕೆ ಒಮ್ಮೆ ಮಲಗಿದವರನ್ನೂ ವೈದ್ಯರ ಬಾಗಿಲಿಗೆ ಅಟ್ಟಿದರೆ, ಸುಳ್ಳು ಹೇಳುವವನು ಸುಲಭವಾಗಿ ಚೀಟಿ ತರುತ್ತಾನೆ. ನಿಜವಾಗಿ ಬೇನೆಬಿದ್ದವಳು ಹಾಸಿಗೆಯಿಂದೇಳಲಾರದೆ ಸಿಕ್ಕಿಬೀಳುತ್ತಾಳೆ.

ವೈದ್ಯರ ಬಿಗಿಗೂ ಕಾರಣವಿದೆ. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಡತೆಯ ನಿಯಮಾವಳಿಯಂತೆ, ಅವರು ಕೊಡುವ ಪ್ರತಿಯೊಂದು ಪ್ರಮಾಣಪತ್ರವನ್ನೂ ಒಂದು ದಾಖಲೆ ಪುಸ್ತಕದಲ್ಲಿ ಬರೆದು, ರೋಗಿಯ ರುಜು ಅಥವಾ ಹೆಬ್ಬೆಟ್ಟಿನ ಗುರುತು ಪಡೆದು, ಒಂದು ಪ್ರತಿಯನ್ನು ತಮ್ಮಲ್ಲಿಟ್ಟುಕೊಳ್ಳಬೇಕು. ರಜೆಯ ಪ್ರಮಾಣಪತ್ರದ ನಮೂನೆಯಲ್ಲಿ, ಎಚ್ಚರಿಕೆಯಿಂದ ಪರೀಕ್ಷಿಸಿದ ಮೇಲೆ ಇಂಥ ರೋಗವಿದೆಯೆಂದೂ ಇಂಥ ದಿನದಿಂದ ಇಷ್ಟು ದಿನದ ವಿಶ್ರಾಂತಿ ಅವಶ್ಯವೆಂದೂ ಬರೆಯಬೇಕಾಗಿದೆ. ತಪ್ಪು ಪ್ರಮಾಣಪತ್ರಕ್ಕೆ ರುಜು ಹಾಕುವುದು ದುರ್ನಡತೆಯೆಂದು ಎಣಿಸಲ್ಪಡುವುದು. ಹೀಗಿರಲು, ಕಳೆದುಹೋದ ಒಂದು ದಿನಕ್ಕೆ ಪ್ರಾಮಾಣಿಕರಾದ ವೈದ್ಯರು ಪೂರ್ಣವಾದ ಪ್ರಮಾಣಪತ್ರವನ್ನು ಬರೆಯುವುದೇ ಅಸಾಧ್ಯ. ಯಾರಾದರೂ ಹಿಂದು ಮುಂದು ನೋಡದೆ ಬರೆದುಕೊಟ್ಟರೆ, ಅವರ ಕಾಗದವನ್ನು ನಂಬುವ ಯಜಮಾನರಿಗೆ ಅದರಿಂದ ಲಾಭವೇನು?

“ನಿಮಗೆ ಇ.ಎಸ್.ಐ. ಇದೆಯಲ್ಲ, ರಜೆಯ ಸಂಬಳವೇಕೆ?” ಎಂದು ಕೆಲವು ಆಪೀಸುಗಳಲ್ಲಿ ಕೇಳುವುದುಂಟು. ಈ ವಿಮೆ ಹತ್ತು ಮಂದಿಗೆ ಕಡಮೆಯಿಲ್ಲದ ಸಂಸ್ಥೆಗಳಿಗೆ ಸಲ್ಲುವಂಥದು. 2017ರಲ್ಲಿ ಸಂಬಳದ ಮಿತಿಯನ್ನು 21,000 ರೂಪಾಯಿಗೆ ಏರಿಸಲಾಯಿತು. ನಮ್ಮ ಹುಡುಗಿಯ ಸಂಬಳದಿಂದ ತಿಂಗಳಿಗೆ 135 ರೂಪಾಯಿ ಅದಕ್ಕೆ ಸಲ್ಲುತ್ತದೆ. ಬೇನೆಯ ಕಾಲದಲ್ಲಿ ಅದು ಕೊಡುವುದು ದಿನದ ಸರಾಸರಿ ಸಂಬಳದ ನೂರಕ್ಕೆ 70ರಂತೆ; ಅವಳ ಲೆಕ್ಕದಲ್ಲಿ 420 ರೂಪಾಯಿ. ಆದರೆ ಬೇನೆಯ ಮೊದಲ ಎರಡು ದಿನಗಳಿಗೆ ಏನೂ ಇಲ್ಲ. ಐದು ದಿನ ಮಲಗಿದರೆ ಮೂರು ದಿನದ 1,260 ರೂಪಾಯಿ ಬಂದೀತು. ಒಂದು ದಿನ ಮಲಗಿದರೆ ಸೊನ್ನೆ. ಇದಕ್ಕೆ ಒಂದೇ ಒಂದು ವಿನಾಯಿತಿಯುಂಟು. ಹಣ ಪಡೆದ ಹಿಂದಿನ ಬೇನೆ ಮುಗಿದು ಹದಿನೈದು ದಿನಗಳೊಳಗೆ ಮತ್ತೆ ಬೇನೆ ಬಿದ್ದರೆ, ಮೊದಲ ದಿನದಿಂದಲೇ ಹಣ ದೊರೆಯುವುದು. ಆಗ ಒಂದೇ ದಿನದ ಚೀಟಿಗೂ ಬೆಲೆಯುಂಟು, ಆದರೆ ಅದು ಇ.ಎಸ್.ಐ. ವೈದ್ಯರದ್ದಾಗಿರಬೇಕು. ಉಳಿದಂತೆ, ಒಂದೆರಡು ದಿನದ ಬೇನೆಗೆ ವಿಮೆಯಿಂದ ಏನೂ ಬಾರದಿರುವುದರಿಂದ, ರಜೆಯ ಆ ಹನ್ನೆರಡು ದಿನಗಳೇ ಗತಿ.

ಕಾರ್ಖಾನೆಯ ಕೆಲಸಗಾರರ ಸ್ಥಿತಿ ಬೇರೆ. 1948ರ ಕಾರ್ಖಾನೆ ಕಾಯಿದೆಯಲ್ಲಿಯೂ ಈಗ ಅದರ ಸ್ಥಾನಕ್ಕೆ ಬಂದ ಸಂಹಿತೆಯಲ್ಲಿಯೂ ಬೇನೆಗೆಂದೇ ಪ್ರತ್ಯೇಕವಾದ ರಜೆಯಿಲ್ಲ. ಅಲ್ಲಿ ಸ್ಥಾಯೀ ಆದೇಶಗಳನ್ನೂ ಸಂಘದೊಡನೆ ಆದ ಒಪ್ಪಂದವನ್ನೂ ನೋಡಬೇಕು.

ಸರಕಾರ ತನ್ನ ನೌಕರರ ವಿಷಯದಲ್ಲಿ ಏನು ಮಾಡುತ್ತದೆಂಬುದನ್ನು ನೋಡುವುದು ಉಪಯುಕ್ತ. ಕೇಂದ್ರ ಸರಕಾರದ 1972ರ ರಜೆಯ ನಿಯಮಗಳಂತೆ, ಮೂರು ದಿನ ಮೀರದ ರಜೆಗೆ ಅಧಿಕಾರಿಯು ತನ್ನ ವಿವೇಚನೆಯಿಂದ ಪ್ರಮಾಣಪತ್ರವನ್ನು ಮನ್ನಾ ಮಾಡಬಹುದು. ಆದರೆ ಆ ದಿನಗಳನ್ನು ವೈದ್ಯಕೀಯ ರಜೆಯ ಖಾತೆಗಲ್ಲದೆ ಬೇರೆ ರಜೆಯ ಖಾತೆಗೆ ಬರೆಯಲಾಗುವುದು. 2025ರಲ್ಲಿ ಕರ್ನಾಟಕ ಸರಕಾರ ಮಹಿಳೆಯರಿಗೆ ತಿಂಗಳಿಗೊಂದು ದಿನದ ಮುಟ್ಟಿನ ರಜೆಯನ್ನು ಆಜ್ಞಾಪಿಸಿದಾಗ ಪ್ರಮಾಣಪತ್ರ ಬೇಡವೆಂದಿತು. ಆ ಆಜ್ಞೆ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ದೂರದ ನ್ಯೂಜಿಲೆಂಡಿನ ಪದ್ಧತಿ ನಮಗೆ ಎಲ್ಲಕ್ಕಿಂತ ಮೆಚ್ಚಿಕೆಯಾಯಿತು. ಅಲ್ಲಿ ಯಜಮಾನರು ಒಂದು ದಿನದ ಬೇನೆಗೂ ಆಧಾರ ಕೇಳಬಹುದು. ಆದರೆ ಮೂರು ದಿನಕ್ಕೆ ಮೊದಲು ಕೇಳಿದರೆ, ಅದನ್ನು ಕೂಡಲೆ ತಿಳಿಸಿ, ವೈದ್ಯರ ಯುಕ್ತವಾದ ವೆಚ್ಚವನ್ನು ತಾವೇ ತೆರಬೇಕು. ಕೇಳುವವನ ಕಿಸೆಗೆ ಭಾರ ಬಿದ್ದರೆ ನಿಜವಾದ ಸಂಶಯವಿದ್ದಾಗಲೇ ಕೇಳುವನು.

ನಮ್ಮ ಹುಡುಗಿ ಜಗಳಕ್ಕೆ ಹೋಗಲಿಲ್ಲ. ಒಂದು ಅರ್ಜಿ ಬರೆದಳು. ಇಂಥ ಸೋಮವಾರ ವಾಂತಿಭೇದಿಯಿಂದ ಬರಲಾಗಲಿಲ್ಲ. ಬೆಳಗ್ಗೆ ಏಳು ಗಂಟೆಗೆ ತಿಳಿಸಿದ್ದೇನೆ. 15ನೆಯ ಕಲಮಿನ ಬೇನೆಯ ರಜೆಯಲ್ಲಿ ಒಂದು ದಿನವನ್ನು ಮಂಜೂರು ಮಾಡಬೇಕು. ನೇಮಕಪತ್ರದಲ್ಲಿ ಮೂರು ದಿನ ಮೀರಿದರೆ ಮಾತ್ರ ಪ್ರಮಾಣಪತ್ರವೆಂದಿದೆ. ಆದರೂ ದೊರೆತ ಚೀಟಿಯನ್ನು ಲಗತ್ತಿಸಿದೆ. ನಿರಾಕರಿಸುವುದಾದರೆ ಕಾರಣವನ್ನು ಬರೆದು ಕೊಡಬೇಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಮುಟ್ಟಿತೆಂಬ ರುಜುವನ್ನು ಪಡೆದಳು. ಕಾರಣವನ್ನು ಬರೆದು ಕೊಡುವ ಕಷ್ಟ ಯಾರಿಗೂ ಬೇಕಾಗಲಿಲ್ಲವೆಂದು ತೋರುತ್ತದೆ. ತಿಂಗಳ ಕೊನೆಗೆ ಸಂಬಳ ಪೂರ್ತಿಯಾಗಿ ಬಂದಿತು. ಬಾರದಿದ್ದರೆ, ಅದೇ ರುಜುವಿನ ಪ್ರತಿಯನ್ನು ಹಿಡಿದು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಬೇಕಾಗಿತ್ತು.

ಒಂದು ಮಾತನ್ನು ಮಾತ್ರ ನಮ್ಮ ಕಡೆಯವರಿಗಾಗಿ ಸೇರಿಸುತ್ತೇವೆ. ಹೊಟ್ಟೆಯ ಬೇನೆ, ತಲೆನೋವು ಒಂದು ದಿನದಲ್ಲಿ ತೀರಬಹುದು. ಚಳಿ ಹಿಡಿದು ಬಂದ ಜ್ವರವನ್ನು ಹಾಗೆ ಎಣಿಸಬಾರದು. ಮಂಗಳೂರಿಗೆ ಚಿರಪರಿಚಿತವಾದ ಮಲೇರಿಯದ ಜ್ವರ ದಿನಬಿಟ್ಟು ದಿನ ಬರುವುದುಂಟು. ಸೋಮವಾರ ಸುಟ್ಟು, ಮಂಗಳವಾರ ಬಿಟ್ಟು, ಬುಧವಾರ ಮತ್ತೆ ಹಿಡಿಯುವುದು. ಅಂತಹ ಜ್ವರಕ್ಕೆ ಆಪೀಸಿನವರು ಕೇಳಲಿ ಬಿಡಲಿ, ಅದೇ ದಿನ ರಕ್ತಪರೀಕ್ಷೆ ಮಾಡಿಸತಕ್ಕದ್ದು. ತಾರೀಖು ಸಹಿತವಾದ ಆ ವರದಿಯನ್ನು ರಜೆಯ ಅರ್ಜಿಗೂ ಲಗತ್ತಿಸಬಹುದು.